ನಾಲ್ಕನೆಯ ಪತ್ರ

ನಮ್ಮ ದುಡ್ಡನ್ನು ನಾವೇ ಕೇಳುವಾಗಲೂ ದನಿ ಯಾಕೆ ಅಷ್ಟು ಸಣ್ಣದಾಗುತ್ತದೋ ಗೊತ್ತಿಲ್ಲ. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅಂತ ಅಜ್ಜಿ ಹೇಳುತ್ತಿದ್ದ ಗಾದೆ ಸಾಲ ಕೊಟ್ಟವರ ಬಗ್ಗೆ. ಕೆಲಸ ಮಾಡಿಕೊಟ್ಟು ಬಿಲ್ಲು ಕಳಿಸಿದವರಿಗೂ ಅದು ಅಷ್ಟೇ ಸಲ್ಲುತ್ತದೆ.

ಮೈಸೂರಿನ ನನ್ನ ಮನೆಯ ಒಂದು ಕೋಣೆಯಲ್ಲಿ ಅನುವಾದದ ಕೆಲಸ ಮಾಡುತ್ತೇನೆ. 2023ರ ಕೊನೆಗೆ ಬೆಂಗಳೂರಿನ ಒಂದು ಕಂಪನಿ ನೀರು ಶುದ್ಧ ಮಾಡುವ ಯಂತ್ರಗಳ ಬಳಕೆಯ ಕೈಪಿಡಿಗಳನ್ನು ಕನ್ನಡಕ್ಕೆ ತರಲು ಹೇಳಿತು. ಒಟ್ಟು ₹72,000. ಆರ್ಡರಿನಲ್ಲೇ ‘ಕೆಲಸ ತಲುಪಿದ 30 ದಿನದಲ್ಲಿ ಹಣ’ ಎಂದಿತ್ತು. 2024ರ ಜನವರಿ 5ರಂದು ಫೈಲುಗಳನ್ನೂ ಬಿಲ್ಲನ್ನೂ ಕಳಿಸಿದೆ. ಕೈಪಿಡಿಗಳು ಅಚ್ಚಾಗಿ ಡಬ್ಬಗಳೊಳಗೆ ಸೇರಿ ಅಂಗಡಿಗೂ ಬಂದವು. ಕರಡು ತಿದ್ದಿದ ಗೆಳತಿಗೆ ನಾನು ಕೈಯಿಂದಲೇ ₹14,000 ಕೊಟ್ಟಿದ್ದೆ. ಅವಳ ಮನೆ ಬಾಡಿಗೆ ಕಂಪನಿಯ ಅಕೌಂಟ್ಸ್ ವಿಭಾಗಕ್ಕಾಗಿ ಕಾಯುವುದಿಲ್ಲವಲ್ಲ.

ಫೆಬ್ರವರಿ 4ಕ್ಕೆ ಗಡುವು ಮುಗಿಯಿತು. ಫೆಬ್ರವರಿ, ಮಾರ್ಚ್, ಏಪ್ರಿಲ್ ತಿಂಗಳಿಗೊಂದರಂತೆ ಮೂರು ಜ್ಞಾಪನೆಗಳನ್ನು ಈಮೇಲಿನಲ್ಲಿ ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ. ಫೋನು ಮಾಡಿದರೆ ಮಾತ್ರ ಮ್ಯಾನೇಜರ್ ಬಲು ಪ್ರೀತಿಯಿಂದ ಮಾತಾಡುತ್ತಿದ್ದರು. “ಅಯ್ಯೋ ಮೇಡಂ, ನಿಮ್ದು ಸೈನಿಗೆ ಹೋಗಿದೆ, ಈ ವಾರ ಆಗ್ಬಿಡುತ್ತೆ.” ಆ ಪ್ರೀತಿಯ ಒಂದಕ್ಷರವೂ ಬರಹದಲ್ಲಿ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಫೋನಿನಲ್ಲಿ ಸಿಕ್ಕ ಭರವಸೆಗೆ ನಾಳೆ ಸಾಕ್ಷಿ ಹೇಳುವವರಿಲ್ಲ.

ಹಾಗಾಗಿ ನಾಲ್ಕನೆಯದು ಜ್ಞಾಪನೆ ಆಗಬಾರದು, ತಗಾದೆ ಪತ್ರವೇ ಆಗಬೇಕು ಎಂದು ನಿಶ್ಚಯಿಸಿದೆ. ಎರಡಕ್ಕೂ ವ್ಯತ್ಯಾಸವಿದೆ. ಜ್ಞಾಪನೆಯನ್ನು ಹಣ ಕೊಡಬೇಕಾದವರು ಓದಲಿ ಎಂದು ಬರೆಯುತ್ತೇವೆ. ತಗಾದೆ ಪತ್ರವನ್ನು ನಮ್ಮಿಬ್ಬರನ್ನೂ ಅರಿಯದ ಮೂರನೆಯವರೊಬ್ಬರು ಮುಂದೆಂದೋ ಓದಬಹುದು ಎಂದು ಬರೆಯಬೇಕು. ಆರ್ಡರು ಯಾವುದು, ಕೆಲಸ ಯಾವತ್ತು ತಲುಪಿತು, ಗಡುವು ಯಾವತ್ತು ಮುಗಿಯಿತು, ಎಷ್ಟು ಬಾಕಿ ಎಂಬುದೆಲ್ಲ ಆ ಮೂರನೆಯವರಿಗೆ ಒಂದೇ ಪುಟದಲ್ಲಿ ತಿಳಿಯಬೇಕು. ನನ್ನ ಮೊದಲ ಕರಡಿನಲ್ಲಿ ಮೂರು ‘ದಯವಿಟ್ಟು’, ಒಂದು ‘ಅನ್ಯಥಾ ಭಾವಿಸಬೇಡಿ’ ಇದ್ದವು. ಒಂದೊಂದನ್ನೇ ಹೊಡೆದುಹಾಕಿದೆ. ಹಾಗೆಯೇ ‘ಪೊಲೀಸರಿಗೆ ದೂರು ಕೊಡುತ್ತೇನೆ’ ಎಂದೂ ಬರೆಯಲಿಲ್ಲ. ಬಿಲ್ಲು ಕೊಡದಿರುವುದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ. ಇಲ್ಲದ ಅಸ್ತ್ರವನ್ನು ತೋರಿಸಿದರೆ ಇರುವ ಅಸ್ತ್ರವನ್ನೂ ಯಾರೂ ನಂಬುವುದಿಲ್ಲ.

ಇರುವ ಅಸ್ತ್ರ 2006ರ ಎಂಎಸ್ಎಂಇ ಅಭಿವೃದ್ಧಿ ಕಾಯಿದೆ. ಮನೆಯ ಕೋಣೆಯಲ್ಲಿ ನಡೆಯುವ ನನ್ನಂಥ ಕಸುಬೂ ‘ಉದ್ಯಮ್’ ನೋಂದಣಿ ಮಾಡಿಸಿಕೊಂಡರೆ ಅದರಡಿ ಸೂಕ್ಷ್ಮ ಉದ್ದಿಮೆಯೇ. ನೋಂದಣಿ ಪುಕ್ಕಟೆ. ಆದರೆ ಕೆಲಸ ಒಪ್ಪಿಕೊಳ್ಳುವ ಮೊದಲೇ ಅದು ಇರಬೇಕೇ ಎಂಬುದರ ಮೇಲೆ ಸುಪ್ರೀಂ ಕೋರ್ಟಿನವರೆಗೂ ವಾದ ನಡೆದಿದೆಯಾದ್ದರಿಂದ ಮೊದಲೇ ಮಾಡಿಸಿಕೊಳ್ಳುವುದು ಕ್ಷೇಮ. ನನ್ನದು ಮೊದಲೇ ಇತ್ತು, ಅದರ ಸಂಖ್ಯೆ ಬಿಲ್ಲಿನ ಮೇಲೂ ಇತ್ತು. ಕೊಳ್ಳುವವರು 15 ದಿನದೊಳಗೆ ಬರಹದಲ್ಲಿ ತಕರಾರು ಎತ್ತದಿದ್ದರೆ ಕೆಲಸ ತಲುಪಿದ ದಿನವೇ ಒಪ್ಪಿಕೊಂಡಂತೆ. ಒಪ್ಪಂದ ಏನೇ ಇರಲಿ, 45 ದಿನ ದಾಟುವಂತಿಲ್ಲ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ.

ಲೆಕ್ಕ ಹಾಕಲು ಕೂತಾಗ ಇನ್ನೊಂದು ಸಂಗತಿ ಸಿಕ್ಕಿತು. ಮೇ ಕೊನೆಯ ವಾರ ಆದಾಯ ತೆರಿಗೆಯ ತಾಣದಲ್ಲಿ ನನ್ನ 26ಎಎಸ್ ಪಟ್ಟಿ ತೆರೆದೆ. ಅದರಲ್ಲಿ ಅದೇ ಕಂಪನಿ ಮಾರ್ಚ್ ತಿಂಗಳಲ್ಲಿ ನನ್ನ ಹೆಸರಿಗೆ ₹72,000 ಬರೆದು, ₹7,200 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಿತ್ತು! ನನಗೆ ಒಂದು ಪೈಸೆ ಬಂದಿರಲಿಲ್ಲ. ಟಿಡಿಎಸ್ಸನ್ನು ಹಣ ಕೊಡುವಾಗ ಅಥವಾ ಲೆಕ್ಕದ ಪುಸ್ತಕದಲ್ಲಿ ಜಮಾ ಬರೆಯುವಾಗ, ಯಾವುದು ಮೊದಲೋ ಆಗ ಹಿಡಿಯಬೇಕು. ಅಂದರೆ ನನ್ನ ಬಿಲ್ಲು ಅವರ ಪುಸ್ತಕ ಸೇರಿಯಾಗಿತ್ತು. ಟಿಡಿಎಸ್ ಒಂದರಿಂದಲೇ ಸಾಲ ಒಪ್ಪಿಕೊಂಡಂತಾಗದು ಎಂದ ತೀರ್ಪುಗಳೂ ಇವೆ, ನಿಜ. ಆದರೂ ‘ಬಿಲ್ಲೇ ಬಂದಿಲ್ಲ’, ‘ಕೆಲಸ ಸರಿಯಿಲ್ಲ’ ಎನ್ನುವ ಬಾಯಿಗೆ ಅದು ಒಳ್ಳೆಯ ಬೀಗ. ಆ ಪುಟದ ಪ್ರತಿಯನ್ನೂ ಪತ್ರಕ್ಕೆ ಲಗತ್ತಿಸಿದೆ.

ತೆರಿಗೆ ಕಳೆದು ಬಾಕಿ ₹64,800. ಆಗಿನ ಬ್ಯಾಂಕ್ ದರ ಶೇ. 6.75, ಅದರ ಮೂರು ಪಟ್ಟು ಶೇ. 20.25, ತಿಂಗಳಿಗೆ ಶೇ. 1.6875. ಫೆಬ್ರವರಿ 5ರಿಂದ ಜೂನ್ 4ರವರೆಗೆ ನಾಲ್ಕು ತಿಂಗಳಿಗೆ ಬಡ್ಡಿ ₹4,486. ಒಟ್ಟು ₹69,286. ಪ್ರತಿ ತಿಂಗಳ ಲೆಕ್ಕವನ್ನೂ ಪತ್ರದ ಕೆಳಗೆ ನಾಲ್ಕು ಸಾಲಿನಲ್ಲಿ ತೋರಿಸಿದೆ. ‘ಬಡ್ಡಿ ಸಹಿತ ಕೊಡಿ’ ಎಂದಷ್ಟೇ ಬರೆದರೆ ಅದು ಗದರಿಕೆ. ಅಂಕಿ ಬರೆದರೆ ಅಲ್ಲಗಳೆಯಲು ಅವರೂ ಕ್ಯಾಲ್ಕುಲೇಟರ್ ಹಿಡಿಯಬೇಕಾಗುತ್ತದೆ.

ಕೆಲಸ ಮಾಡಿದ್ದು ಬಹುಶಃ ಇನ್ನೊಂದು ವಾಕ್ಯ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಕಾಯಿದೆಯ ಗಡುವಿನೊಳಗೆ ಹಣ ಕೊಡದಿದ್ದರೆ, ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಆದಾಯದಿಂದ ಕಳೆಯಬಹುದು ಎಂಬ ನಿಯಮ ಆದಾಯ ತೆರಿಗೆ ಕಾಯಿದೆಯ 43ಬಿ(ಎಚ್) ಆಗಿ 2023-24ರ ಹಣಕಾಸು ವರ್ಷದಿಂದ ಜಾರಿಗೆ ಬಂದಿತ್ತು. ಮಾರ್ಚ್ 31 ದಾಟಿತ್ತು, ಹಣ ಕೊಟ್ಟಿರಲಿಲ್ಲ. ಹಾಗಾಗಿ ‘ನಮ್ಮ ಬಾಕಿಯನ್ನು ನಿಮ್ಮ ಲೆಕ್ಕಪರಿಶೋಧಕರ ಗಮನಕ್ಕೆ ತನ್ನಿ’ ಎಂದು ಬರೆದೆ. ಮ್ಯಾನೇಜರ್ ಕಿವಿಗೆ ಬೀಳದ್ದು ಆಡಿಟರ್ ಕಿವಿಗೆ ಬೀಳುತ್ತದೆ.

ಕೊನೆಯಲ್ಲಿ, 15 ದಿನದಲ್ಲಿ ಹಣ ಕೊಡಿ, ಇಲ್ಲವೇ ಯಾಕೆ ಕೊಡುವುದಿಲ್ಲ ಎಂದು ಬರೆದು ತಿಳಿಸಿ, ಎರಡೂ ಆಗದಿದ್ದರೆ ಸೌಲಭ್ಯ ಮಂಡಳಿಯ ಮುಂದೆ ಅರ್ಜಿ ಹಾಕುತ್ತೇನೆ ಎಂದೆ. ಆಗ ‘ಸಮಾಧಾನ್’ ತಾಣದಲ್ಲಿ ಹಾಕುತ್ತಿದ್ದ ಅರ್ಜಿ ಅದು. ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿ ತೀರ್ಪು. 90 ದಿನದಲ್ಲಿ ಮುಗಿಸಬೇಕೆಂದು ಕಾಯಿದೆ ಹೇಳಿದರೂ ಹಾಗೆ ಮುಗಿಯುತ್ತದೆಂದು ಯಾರೂ ನೆಚ್ಚಿಕೊಳ್ಳಬಾರದು. ‘ಬರೆದು ತಿಳಿಸಿ’ ಎಂದದ್ದಕ್ಕೆ ಕಾರಣವಿದೆ. ಬಾಕಿ ವಸೂಲಿಗೆ ದಾವೆ ಹೂಡಲು ಮೂರು ವರ್ಷ ಕಾಲಮಿತಿ. ನಾವು ಎಷ್ಟು ಪತ್ರ ಬರೆದರೂ ಅದು ಬೆಳೆಯುವುದಿಲ್ಲ. ಆದರೆ ಆ ಅವಧಿಯೊಳಗೆ ಅವರೇ ಸಹಿ ಹಾಕಿ ‘ಬಾಕಿ ಇದೆ, ಕೊಡುತ್ತೇವೆ’ ಎಂದರೆ ಆವತ್ತಿನಿಂದ ಹೊಸದಾಗಿ ಮೂರು ವರ್ಷ.

ಪತ್ರವನ್ನು ಮ್ಯಾನೇಜರ್ ಕೂರುವ ಶಾಖೆಗೆ ಕಳಿಸಲಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ನೋಂದಾಯಿತ ಕಚೇರಿಯ ವಿಳಾಸ ಸಿಗುತ್ತದೆ, ಅಲ್ಲಿಗೆ ನಿರ್ದೇಶಕರ ಹೆಸರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ, ಸ್ವೀಕೃತಿ ಕಾರ್ಡಿನೊಂದಿಗೆ. (2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಆ ಗುಲಾಬಿ ಬಣ್ಣದ ಚೀಟಿಗಳನ್ನು ಅಪ್ಪ ಕಡತದಲ್ಲಿ ಪೋಣಿಸಿಡುತ್ತಿದ್ದ ಕಾಲದವಳು ನಾನು, ಸ್ವಲ್ಪ ಬೇಸರವಾಯಿತು.)

ಹನ್ನೊಂದನೆಯ ದಿನ ಫೋನು ಬಂತು. ಈ ಸಲ ಮ್ಯಾನೇಜರ್ ಅಲ್ಲ, ಅಕೌಂಟ್ಸಿನವರು. “ಏನ್ ಮೇಡಂ, ಇಷ್ಟಕ್ಕೆಲ್ಲ ಡೈರೆಕ್ಟರ್‌ಗೆ ಬರೀತಾರಾ?” ಮರುದಿನ ₹64,800 ಖಾತೆಗೆ ಬಿತ್ತು. ಜೊತೆಗೊಂದು ಈಮೇಲು: ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದು ಒಪ್ಪಿ ಸಹಿ ಮಾಡಿ ಕಳಿಸಿ. ಒಪ್ಪಿದರೆ ಬಡ್ಡಿ ಬಿಟ್ಟುಕೊಟ್ಟಂತೆ. ‘₹64,800 ಅಸಲಿನ ಬಾಬ್ತು ತಲುಪಿದೆ, ಬಡ್ಡಿ ಬಾಕಿಯಿದೆ’ ಎಂದು ಒಂದು ಸಾಲು ಉತ್ತರ ಬರೆದೆ.

ಬಡ್ಡಿ ಬಂದಿಲ್ಲ. ₹4,486ಕ್ಕಾಗಿ ಮಂಡಳಿಯ ಬಾಗಿಲು ತಟ್ಟಬೇಕೇ ಎಂದು ಗೆಳತಿಯ ಜೊತೆ ಎಷ್ಟೋ ಸಲ ಚರ್ಚಿಸಿ ಬಿಟ್ಟೆ. ದೀಪಾವಳಿಯ ಹೊತ್ತಿಗೆ ಅದೇ ಮ್ಯಾನೇಜರ್ ಹೊಸ ಯಂತ್ರವೊಂದರ ಕೈಪಿಡಿಗೆ ದರ ಕೇಳಿ ಈಮೇಲ್ ಮಾಡಿದರು, ಏನೂ ಆಗಿಲ್ಲವೆಂಬಂತೆ. ದರ ಬರೆದೆ, ಅರ್ಧ ಮುಂಗಡ ಎಂದೂ ಬರೆದೆ. ಮುಂಗಡ ಎರಡೇ ದಿನದಲ್ಲಿ ಬಂತು.