ಕರಿ ಸೀಸೆಯ ಅಂಚು

ಬಿಳಿ ಪಿಂಗಾಣಿ ಬಟ್ಟಲಿನ ಫೋಟೊ ಯಾರು ಬೇಕಾದರೂ ತೆಗೆದಾರು. ನನಗೆ ರುಚಿ ಹತ್ತಿರುವುದು ಹೊಳೆಯುವ ಕಪ್ಪು ವಸ್ತುವನ್ನು ಕಪ್ಪು ಬಟ್ಟೆಯ ಮುಂದಿಟ್ಟು ತೆಗೆಯುವುದರಲ್ಲಿ. ದುಂಡನೆಯ ಕರಿಗಾಜಿನ ಅತ್ತರಿನ ಸೀಸೆ ಸಿಕ್ಕಿತೆಂದರೆ ಭಾನುವಾರದ ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟೇನು.

ಇಂಥ ಸೀಸೆಯ ಮೇಲೆ ಎಷ್ಟು ಬೆಳಕು ಸುರಿದರೂ ಅದು ನುಂಗಿಕೊಂಡು ಸುಮ್ಮನಿರುತ್ತದೆ. ನಮಗೆ ಕಾಣುವುದೇನಿದ್ದರೂ ಅದರ ಮೈಯಲ್ಲಿ ಮೂಡಿದ ಪ್ರತಿಬಿಂಬ. ಆದ್ದರಿಂದಲೇ ಹೊಳಪು ತೆಗೆಯುವ ಪೋಲರೈಸರ್ ಫಿಲ್ಟರ್ ಇಲ್ಲಿ ಬೇಡ. ಪ್ರತಿಬಿಂಬವೂ ಹೋದರೆ ಉಳಿಯುವುದು ಬರೀ ಕತ್ತಲೆ.

ಎರಡೂ ಬದಿಗೆ ಉದ್ದನೆಯ ಸ್ಟ್ರಿಪ್ ಸಾಫ್ಟ್‌ಬಾಕ್ಸ್ ನಿಲ್ಲಿಸಿ ನೋಡಿ. ಎರಡು ಬಿಳಿ ಗೆರೆಗಳು ಸೊಗಸಾಗಿ ಬರುತ್ತವೆ, ಆದರೆ ಅಂಚಿನಲ್ಲಲ್ಲ. ಸೀಸೆಯ ನಡುವಿನಿಂದ ಅಂಚಿಗೆ ಇರುವ ದೂರದ ಸುಮಾರು ಶೇ 70ರಲ್ಲಿ ಗೆರೆ ಬಿದ್ದಿರುತ್ತದೆ. ಅದರಾಚೆಯ ಮೈ ಹಿನ್ನೆಲೆಯಲ್ಲಿ ಕರಗಿ, ಸೀಸೆ ಸೊರಗಿದಂತೆ ಕಾಣುತ್ತದೆ. ದುಂಡು ಮೈ ಒಂದು ಪಾಲು ತಿರುಗಿದರೆ ಪ್ರತಿಫಲನ ಎರಡು ಪಾಲು ತಿರುಗುತ್ತದೆ; ಹಾಗಾಗಿ ತುತ್ತತುದಿಯ ಅಂಚಿಗೆ ಕಾಣುವುದು ಸೀಸೆಯ ಬೆನ್ನ ಹಿಂದಿರುವುದು. ಅಲ್ಲಿ ಕಪ್ಪು ವೆಲ್ವೆಟ್ ಇದ್ದರೆ ಅಂಚೂ ಕಪ್ಪು.

ದೀಪವನ್ನು ಹಿಂದಕ್ಕೆ ಸರಿಸುತ್ತ ಹೋಗುವುದೇ ಈ ಕೆಲಸದ ಸುಖ. ಪಕ್ಕದಿಂದ 60 ಡಿಗ್ರಿ ಹಿಂದಕ್ಕೆ ಹೋದಾಗ ಗೆರೆ ಶೇ 97ಕ್ಕೆ ಬಂದು, ಅಂಚಿಗೆ ಅಂಟಿಕೊಳ್ಳುತ್ತದೆ. ನೇರವಾಗಿ ನೋಡುವಾಗ ಗಾಜು ಹಿಂದಿರುಗಿಸುವುದು ಬೆಳಕಿನ ಶೇ 4ರಷ್ಟನ್ನು. ಓರೆಯಲ್ಲಿ ಅದರ ಹಲವು ಪಟ್ಟು. ಹೀಗಾಗಿ ಅಲ್ಲಿ ಮಂದ ದೀಪವೂ ಸಾಕು. ದೀಪ ಚೌಕಟ್ಟಿನೊಳಗೆ ಇಣುಕದಿರಲೆಂದು ನಾನು 100 ಮಿ.ಮೀ. ಮ್ಯಾಕ್ರೊ ಲೆನ್ಸ್ ಹಾಕುತ್ತೇನೆ, ಅದರ ನೋಟ ಕಿರಿದು. ದೀಪಕ್ಕೂ ಲೆನ್ಸಿಗೂ ನಡುವೆ ಒಂದು ಕಪ್ಪು ರಟ್ಟು ಅಡ್ಡ ಇಡದಿದ್ದರೆ ಚಿತ್ರವೆಲ್ಲ ಮಬ್ಬು.

ಜಾಗ ಹುಡುಕಲು ಉಪಾಯ ಸುಲಭ. ಕೋಣೆ ಕತ್ತಲು ಮಾಡಿ, ಕ್ಯಾಮೆರಾದ ಪರದೆ ನೋಡುತ್ತ, ಮೊಬೈಲ್ ಟಾರ್ಚನ್ನು ಸೀಸೆಯ ಹಿಂಬದಿಯಲ್ಲಿ ಆಡಿಸಬೇಕು. ಅಂಚು ಮಿನುಗಿದ ಕಡೆ ದೀಪ ನಿಲ್ಲಬೇಕು. ನಾನು ಹೀಗೆ ಕೈಯಾಡಿಸುವುದನ್ನು ಕಂಡ ಹೆಂಡತಿ, "ಸೀಸೆಗೆ ದೃಷ್ಟಿ ತೆಗೀತಿದ್ದೀರಾ? ಅದೇ ಕರ್ರಗಿದೆಯಲ್ಲ!" ಅಂದಳು.

ಗೆರೆ ಚಾಕುವಿನಲ್ಲಿ ಕೊಯ್ದಂತಿದ್ದರೆ ನನಗೆ ಹಿಡಿಸದು. ಸಾಫ್ಟ್‌ಬಾಕ್ಸ್ ತೆಗೆದು, ಅದೇ ಜಾಗದಲ್ಲಿ ಟ್ರೇಸಿಂಗ್ ಪೇಪರ್ ಇಳಿಬಿಟ್ಟು, ಬರಿ ದೀಪವನ್ನು ಹಾಳೆಯ ಹಿಂತುದಿಗೆ ಹತ್ತಿರ ಹಿಡಿಯುತ್ತೇನೆ. ಆಗ ಅಂಚಿನಲ್ಲಿ ಬೆಳ್ಳಗಿರುವ ಗೆರೆ ಒಳಮುಖವಾಗಿ ಬೂದಾಗುತ್ತ, ಕಪ್ಪಾಗುತ್ತ ಹೋಗುತ್ತದೆ. ಸೀಸೆ ದುಂಡಗಿದೆ ಎಂದು ಕಣ್ಣಿಗೆ ಗೊತ್ತಾಗುವುದೇ ಆಗ.

ಚಪ್ಪಟೆ ಮೊಬೈಲ್ ಫೋನಿಗೆ ಈ ಲೆಕ್ಕ ಹೊಂದುವುದಿಲ್ಲ, ಅದರ ಮುಖವೆಲ್ಲ ಒಂದೇ ಕಡೆ ನೋಡುತ್ತದೆ. ಇನ್ನು, ಅಂಚು ಕಳೆದುಹೋದ ಚಿತ್ರವನ್ನು ಕಂಪ್ಯೂಟರಿನಲ್ಲಿ ಎಳೆದು ಬೆಳಗಿಸುವವರಿಗೆ ಒಂದು ಮಾತು: ಮೇಲೆದ್ದು ಬರುವುದು ಧೂಳು ಮತ್ತು ವೆಲ್ವೆಟ್ಟಿನ ನಾರು, ಅಂಚಲ್ಲ.