ನಕ್ಷೆಗೆ ಸಿಗದ ಹೊಳೆ

ದಾವಣಗೆರೆಯಿಂದ ಹೊರಟ ರೈಲು ಹರಿಹರದ ಬಳಿ ತುಂಗಭದ್ರೆಯನ್ನು ಕ್ಷಣಮಾತ್ರದಲ್ಲಿ ದಾಟಿಬಿಡುತ್ತದೆ. 1800ರ ಜೂನಿನಲ್ಲಿ, ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ಇಲ್ಲಿಯೇ ಹೊಳೆ ದಾಟಲು ಒಂದು ವಾರಕ್ಕೂ ಹೆಚ್ಚು ಕಾಲ ಹಿಡಿಯಿತು. ಮುಂಗಾರಿನ ನೀರು ಏರಿತ್ತು.

ಅಂದಿನ ದಂಡಿನ ನಕ್ಷೆಗಳು ಬಹುಮಟ್ಟಿಗೆ ದಾರಿಯ ನಕ್ಷೆಗಳು. ನಡೆಯುವಾಗ ಗಾಲಿಯೊಂದನ್ನು ಉರುಳಿಸಿ, ಅದರ ಸುತ್ತುಗಳಿಂದ ದೂರವನ್ನೂ ದಿಕ್ಸೂಚಿಯಿಂದ ತಿರುವುಗಳನ್ನೂ ಗುರುತಿಸುತ್ತಿದ್ದರು. ದಾರಿಯಿಂದ ಆಚೆಯ ನೆಲವೆಲ್ಲ ಹೆಚ್ಚಾಗಿ ಕೇಳಿ ತಿಳಿದದ್ದು. ಹೊಳೆಯಂತೂ ಬರಿಯ ಒಂದು ಗೆರೆ. ಬೇಸಿಗೆಯಲ್ಲಿ ಎತ್ತಿನ ಗಾಡಿ ಹಾಯುವ ಜಾಗದಲ್ಲಿ ಮಳೆಗಾಲಕ್ಕೆ ಆಳು ಮುಳುಗುವನೆಂಬುದನ್ನು ಆ ಗೆರೆ ಹೇಳುವುದಿಲ್ಲ. ಆಗ ಬೇಕಾದುದು ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು. ಅದನ್ನು ಮೊದಲೇ ಕೂಡಿಸಿಟ್ಟವನಿಗೆ ತುಂಬಿದ ಹೊಳೆ ಅನುಕೂಲವೇ ಸರಿ; ಹರಿಗೋಲಿಲ್ಲದ ಶತ್ರುವನ್ನು ಅದು ತಡೆದು ನಿಲ್ಲಿಸುತ್ತದೆ. ಹೊಳೆ ದಾಟಿದ ಸೈನ್ಯ ಜೂನ್ 27ರಂದು ರಾಣೆಬೆನ್ನೂರನ್ನು ಹಿಡಿಯಿತು. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯ ಮಡಿದನು.

ನೆಲವನ್ನು ಓದುವ ಈ ವಿದ್ಯೆ ಮೂರು ವರ್ಷಗಳ ಬಳಿಕ ಅಸ್ಸಾಯೆಯಲ್ಲಿ ಮತ್ತೆ ಫಲಿಸಿತು. 1803ರ ಸೆಪ್ಟೆಂಬರ್ 23ರಂದು ಮರಾಠರ ದೊಡ್ಡ ಸೈನ್ಯ ಕೈತನಾ ಹೊಳೆಯ ಆಚೆ ನಿಂತಿತ್ತು. ಅಲ್ಲೆಲ್ಲೂ ಹಾಯುವ ಜಾಗವಿಲ್ಲವೆಂದು ದಾರಿ ತೋರುವವರು ಹೇಳಿದರು. ಆದರೆ ವೆಲ್ಲೆಸ್ಲಿಯ ಕಣ್ಣಿಗೆ ಹೊಳೆಯ ಎರಡು ದಡಗಳಲ್ಲಿ ಎದುರುಬದುರಾಗಿದ್ದ ಎರಡು ಹಳ್ಳಿಗಳು ಬಿದ್ದವು. ಹೋಗಿಬರುವ ದಾರಿಯಿಲ್ಲದೆ ಜನರು ಹೀಗೆ ಊರು ಕಟ್ಟಿಯಾರೆ? ಹುಡುಕಿಸಿದಾಗ ಹಾಯುವ ಜಾಗ ಅಲ್ಲಿಯೇ ಇತ್ತು. ಸೈನ್ಯ ಅಲ್ಲಿಯೇ ದಾಟಿತು.