ಕಲ್ಯದಿಂದ ಇಟಲಿಗೆ ಒಂದು ಹರಕೆ

ಮಾಗಡಿ ತಾಲ್ಲೂಕಿನ ಕಲ್ಯದ ಜೈನ ಮನೆತನವೊಂದರ ಮದುವೆಯಲ್ಲಿ ಬೀಗರ ಸಾಲಿನಲ್ಲಿ ಇಟಲಿಯವರು ಕುಳಿತಿದ್ದಾರೆ ಎಂದು ಭಾವಿಸೋಣ. ಹಿರಿಯರೊಬ್ಬರು ಕನ್ನಡದಲ್ಲಿ ಹರಸುತ್ತಾರೆ. ಅದನ್ನು ಒಬ್ಬರು ಇಟಾಲಿಯನ್ನಿಗೆ ತರಬೇಕು. ಇಟಲಿಯಲ್ಲಿ ಇಂಥ ಮಾತಿಗೆ ‘ಬ್ರಿಂದಿಸಿ’ ಎಂದು ಹೆಸರು. ಅದು ಪಾನಪಾತ್ರೆ ಎತ್ತಿ ಆಡುವ ಮಾತು.

ಮೊದಲ ತೊಡಕು ‘ಹಾಲುಜೇನಿನಂತೆ ಬಾಳಿ’ ಎಂಬಲ್ಲಿಯೇ ಬರುತ್ತದೆ. ಕನ್ನಡದಲ್ಲಿ ಇದು ಬೇರ್ಪಡಿಸಲಾಗದ ಬೆರಕೆಯ ಮಾತು. ಇಟಾಲಿಯನ್ನಿನಲ್ಲಿ ಹಾಲು ಮತ್ತು ಜೇನು ಒಟ್ಟಿಗೆ ಬಂದರೆ ಬೈಬಲ್ಲಿನ ವಾಗ್ದತ್ತ ಭೂಮಿಯ ಸಮೃದ್ಧಿ ನೆನಪಾಗುತ್ತದೆ. ಬೆರೆಯುವಿಕೆ ಮರೆಯಾಗಿ ಸಿರಿವಂತಿಕೆ ಉಳಿಯುತ್ತದೆ. ಮೇಲಾಗಿ ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಜೇನನ್ನು ವರ್ಜಿಸಿದ ಮನೆಯಲ್ಲಿ ಜೇನಿನ ಹರಕೆ ಹೇಳುವುದು ಕನ್ನಡದ ನುಡಿಗಟ್ಟಿಗೆ ಒಗ್ಗಿಹೋದ ವಿಚಿತ್ರ. ಇಲ್ಲಿ ‘ಹಾಲಿನಲ್ಲಿ ಕರಗಿದ ಸಕ್ಕರೆಯಂತೆ’ ಎಂದರೆ ಎರಡೂ ಕಡೆ ಒಪ್ಪುತ್ತದೆ. ಪಾತ್ರೆಯಲ್ಲಿ ಪಾನಕವಿದ್ದರಾಯಿತು, ಬರಿಯ ನೀರು ಮಾತ್ರ ಬೇಡ, ನೀರಿನಿಂದ ಶುಭ ಕೋರುವುದು ಅಶುಭವೆಂಬ ನಂಬಿಕೆ ಇಟಲಿಯಲ್ಲಿದೆ.

‘ಅಷ್ಟಪುತ್ರವತೀ ಭವ’ ಎಂಬುದನ್ನು ಅನುವಾದಿಸಲು ಹೊಸ ಮಾತು ಹುಡುಕಬೇಕಾಗಿಲ್ಲ. ‘ಆಉಗೂರಿ ಎ ಫೀಲ್ಯಿ ಮಾಸ್ಕಿ’, ಅಂದರೆ ‘ಶುಭಾಶಯ, ಗಂಡುಮಕ್ಕಳಾಗಲಿ’ ಎಂಬ ಹಳೆಯ ಹಾರೈಕೆ ಅಲ್ಲಿಯೂ ಉಂಟು. ಆದರೆ ಇಂದು ಅದನ್ನು ಹೆಚ್ಚಾಗಿ ನಗೆಯ ದನಿಯಲ್ಲಿ ಆಡುತ್ತಾರೆ. ಹಿರಿಯರು ಗಂಭೀರವಾಗಿ ಹರಸಿದ್ದು ಅಲ್ಲಿ ತಮಾಷೆಯಾಗಿ ಕೇಳಿಸುತ್ತದೆ. ‘ಮಕ್ಕಳಿಂದ ಮನೆ ತುಂಬಲಿ’ ಎಂದು ಸಡಿಲಿಸುವುದೇ ಲೇಸು.

ನಗೆಯ ಪಾಡು ಇದಕ್ಕೆ ವಿರುದ್ಧ. ಮದುವೆಯ ದಿನ ಮಳೆ ಬಂದರೆ ನಮ್ಮಲ್ಲಿ ‘ಚಿಕ್ಕಂದಿನಲ್ಲಿ ಅಕ್ಕಿ ತಿಂದಿದ್ದಾಳೆ’ ಎಂದು ಮದುಮಗಳನ್ನು ಛೇಡಿಸುತ್ತಾರೆ. ಇಟಲಿಯಲ್ಲಿ ನೆನೆದ ವಧು ಭಾಗ್ಯವಂತೆ. ಕನ್ನಡದ ಛೇಡನೆಯನ್ನು ಹಾಗೆಯೇ ದಾಟಿಸಿದರೆ ವಧುವಿನ ತಪ್ಪೇನೆಂದು ಅತಿಥಿಗಳು ಗಲಿಬಿಲಿಗೊಳ್ಳುತ್ತಾರೆ. ಆದರೆ ಅಕ್ಕಿಗೆ ಅವರ ಹೆಸರು ‘ರೀಸೊ’. ನಗೆಗೂ ಅದೇ ಶಬ್ದ. ‘ಅಕ್ಕಿ ತಿಂದವಳು ನಗೆಯನ್ನೇ ಉಂಡಳು, ಅದಕ್ಕೇ ಭಾಗ್ಯದ ಮಳೆ’ ಎಂದರೆ ಮೂಲದಲ್ಲಿಲ್ಲದ ಶ್ಲೇಷವೊಂದು ಅನುವಾದಕ್ಕೆ ಪುಕ್ಕಟೆ ದೊರೆಯುತ್ತದೆ.

ಊರಿನ ಹೆಸರನ್ನೂ ಬಿಡಬೇಕಾಗಿಲ್ಲ. ಕಲ್ಯದಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಪಂಚಮಹಾವಾದ್ಯ, ಕಲಶಗಳ ಹಕ್ಕಿನ ಕುರಿತು ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಸಂಧಿ ಮಾಡಿಸಿದ ಸಂಗತಿ ಅದು. ವಾಲಗಕ್ಕಾಗಿ ಜಗಳವಾಡಿ ಕೈಹಿಡಿದು ಮುಗಿಸಿದ ಊರು ಇದು ಎಂದರೆ ಯಾವ ಬೀಗರಿಗೂ ಟಿಪ್ಪಣಿ ಬೇಕಾಗದು. ವಧುವಿನ ಕೈ ಕೇಳುವುದೆಂಬ ನುಡಿ ಇಟಾಲಿಯನ್ನಿನಲ್ಲಿಯೂ ಇದೆ. ಶಾಸನದ ಪೂರ್ವೋತ್ತರವನ್ನು ವಿವರಿಸಹೊರಟರೆ ಮಾತ್ರ ಪಾನಕ ಬೆಚ್ಚಗಾಗುತ್ತದೆ. ಎರಡು ವಾಕ್ಯದಲ್ಲಿ ಹೇಳಿ, ಅಕ್ಷತೆಯನ್ನು ಅತಿಥಿಗಳ ಕೈಗೆ ಕೊಡಬೇಕು. ಅಕ್ಕಿ ಎರಚುವುದು ಅವರಿಗೂ ಗೊತ್ತು.